ಹೊಳೆಯ ಹೆಸರಿನಲ್ಲಿ ಒಂದು ಹಾರೈಕೆ

ಆಶ್ವಲಾಯನ ಗೃಹ್ಯಸೂತ್ರದಲ್ಲಿ ಸೀಮಂತದ ವಿಧಿಯನ್ನು ಹೇಳುವ ಭಾಗ ತುಂಬ ಚಿಕ್ಕದು. ಬಸಿರಿನ ನಾಲ್ಕನೇ ತಿಂಗಳಲ್ಲಿ ಗಂಡನಾದವನು ಹೆಂಡತಿಯ ಬೈತಲೆ ತೆಗೆಯಬೇಕು. ಅದಕ್ಕೆ ಬಾಚಣಿಗೆ ಬೇಡ, ಮೂರು ಕಡೆ ಬಿಳಿ ಮಚ್ಚೆ ಇರುವ ಮುಳ್ಳುಹಂದಿಯ ಮುಳ್ಳು, ದರ್ಭೆ, ಇನ್ನೂ ಹಣ್ಣಾಗದ ಕಾಯಿಗಳ ಗೊಂಚಲು ಬೇಕು. ಆಮೇಲೆ ವೀಣೆ ನುಡಿಸುವವರನ್ನು ಹಾಡಲು ಕೇಳಿಕೊಳ್ಳಬೇಕು. ಅವರು ಸೋಮರಾಜನನ್ನು ಹೊಗಳಿ ಹಾಡುತ್ತಾ, ಆ ಮನೆಯವರು ಯಾವ ಹೊಳೆಯ ದಡದಲ್ಲಿ ನೆಲೆಸಿದ್ದಾರೋ ಆ ಹೊಳೆಯ ಹೆಸರನ್ನೂ ಹಾಡಿನಲ್ಲಿ ಸೇರಿಸುತ್ತಾರೆ.

ಮುಳ್ಳುಹಂದಿಯ ಮುಳ್ಳಿನ ಮಾತು ಹಾಗಿರಲಿ. ನನಗೆ ಇಷ್ಟವಾದದ್ದು ಹೊಳೆಯ ಮಾತು. ಎಲ್ಲರಿಗೂ ಸಲ್ಲುವ ಒಂದೇ ಹರಕೆಯನ್ನು ಒಪ್ಪಿಸಿ ಎದ್ದುಬಿಡದೆ, ಈ ಹೆಣ್ಣು ಎಲ್ಲಿಯವಳು, ಯಾವ ನೀರು ಕುಡಿಯುತ್ತಾಳೆ ಎಂದು ಹಾಡುಗಾರ ಒಂದು ಗಳಿಗೆ ಯೋಚಿಸಲೇಬೇಕಾದ ಏರ್ಪಾಡು ಅದು.

ನನ್ನ ಗೆಳತಿಯ ಹೊಳೆ ಹೇಮಾವತಿ. ಅವಳು ಇರುವುದು ಹೊಳೆನರಸೀಪುರದಲ್ಲಿ. ಏಳನೇ ತಿಂಗಳು ನಡೆಯುತ್ತಿದೆ, ಬರುವ ಭಾನುವಾರ ಸೀಮಂತ. ಉಡುಗೊರೆಯ ಸೀರೆ ಆಗಲೇ ಬಂದಿದೆ. ಅದರ ಜೊತೆ ಇಡುವ ಚೀಟಿಯಲ್ಲಿ ಏನು ಬರೆಯಲಿ ಎಂಬುದೊಂದೇ ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ನಾಲ್ಕು ಸಾಲು ಹಾರೈಸುವುದಕ್ಕೆ ಇಷ್ಟು ಯೋಚನೆ ಏಕೆ ಎಂದರೆ, ಎರಡು ವರ್ಷದ ಹಿಂದೆ ಅವಳಿಗೆ ಮೂರನೇ ತಿಂಗಳಲ್ಲೇ ಬಸಿರು ನಿಲ್ಲದೆ ಹೋಯಿತು. ಅದಾದ ಮೇಲೆ ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಒಂದಲ್ಲ ಒಂದು ಕಾರಣ ಹುಡುಕಿ ಕೊಟ್ಟು ಹೋಗಿದ್ದರು. ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಯಾವ ಕಾರಣವನ್ನು ಎತ್ತಿದರೂ ಕೊನೆಗೆ ಬೆರಳು ಅವಳ ಕಡೆಗೇ ತಿರುಗುತ್ತಿತ್ತು, ಅಷ್ಟು ಸಾಕು.

ವೈದ್ಯರು ಹೇಳುವುದು ಬೇರೆ. ಬಸಿರು ಎಂದು ಗೊತ್ತಾದ ಮೇಲೂ 100ರಲ್ಲಿ 10ರಿಂದ 15 ಬಸಿರುಗಳು ಹೀಗೆ ಹೋಗುತ್ತವೆ, ಬಹುಪಾಲು ಮೊದಲ ಮೂರು ತಿಂಗಳಲ್ಲೇ. ಅಷ್ಟು ಬೇಗ ಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಾರಣ ಭ್ರೂಣದ ಕ್ರೋಮೋಸೋಮುಗಳ ಎಣಿಕೆಯಲ್ಲೇ ಆದ ಏರುಪೇರು. ತಾಯಿ ಬಸ್ಸಿನಲ್ಲಿ ಹೋದದ್ದಕ್ಕಾಗಲಿ, ನೀರಿನ ಕೊಡ ಎತ್ತಿದ್ದಕ್ಕಾಗಲಿ ಆ ಏರುಪೇರು ಹುಟ್ಟುವುದಿಲ್ಲ. ಒಮ್ಮೆ ಹೀಗಾದ ಹೆಂಗಸರಲ್ಲಿ ಹೆಚ್ಚಿನವರಿಗೆ ಮುಂದಿನ ಬಸಿರು ನೆಟ್ಟಗೆ ನಡೆಯುತ್ತದೆ. ನನ್ನ ಗೆಳತಿಗೆ ಇದೆಲ್ಲ ಗೊತ್ತು, ಅವಳ ಡಾಕ್ಟರೇ ಕೂರಿಸಿಕೊಂಡು ತಿಳಿಸಿದ್ದಾರೆ. ಆದರೂ ಯಾರಾದರೂ ತಲೆ ನೇವರಿಸಿ “ಈ ಸಲವಾದರೂ ಎಲ್ಲ ಸರಿಯಾಗಲಿ ಕಣಮ್ಮಾ” ಎಂದಾಗ ಅವಳ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ. ಹರಸಿದವರ ಬಾಯಿಂದ ಬಂದದ್ದು ಆಸೆಯೇ. ಅವಳ ಕಿವಿಗೆ ಬಿದ್ದದ್ದು ಮಾತ್ರ ಹಳೆಯ ಲೆಕ್ಕ.

ಹಾಗಾದರೆ “ಎಲ್ಲ ಚೆನ್ನಾಗಿಯೇ ಆಗುತ್ತದೆ, ಏನೂ ಯೋಚಿಸಬೇಡ” ಎಂದು ಬರೆಯಲೇ? ಅದೂ ಕೈ ಬರುತ್ತಿಲ್ಲ. ನನ್ನ ಕೈಯಲ್ಲಿಲ್ಲದ್ದಕ್ಕೆ ನಾನು ಜಾಮೀನು ನಿಂತಂತಾಗುತ್ತದೆ. ಮೇಲಾಗಿ, ಯೋಚಿಸಬೇಡ ಎಂದು ಹೇಳಿಸಿಕೊಂಡವರಿಗೆ ಯೋಚನೆ ಬಂದಾಗ ಹೇಳಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಗಂಡು ಮಗುವಿನ ಹರಕೆಯನ್ನು ನಾನು ಬರೆಯುವುದಿಲ್ಲ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದನ್ನೇ ತಡೆಯಲು 1994ರಲ್ಲಿ ಕಾನೂನು ತರಬೇಕಾಗಿ ಬಂದ ದೇಶದಲ್ಲಿ, ಆ ಹರಕೆಯ ಹಿಂದೆ ಏನಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾರೀಖಿನ ವಿಷಯವೂ ಬೇಡ. ಡಾಕ್ಟರು ಕೊಡುವ ದಿನ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಅಂದಾಜು. ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು 100ಕ್ಕೆ ಐದಾರು ಇದ್ದರೆ ಹೆಚ್ಚು. ಹಿಂದೆಮುಂದೆ ಒಂದೆರಡು ವಾರ ಸರಿದಾಡುವುದು ಮಾಮೂಲು. ಆ ದಿನ ದಾಟಿತೆಂದರೆ “ಇನ್ನೂ ಆಗಿಲ್ವಾ?” ಎಂಬ ಫೋನುಗಳು ಶುರುವಾಗುತ್ತವೆ. ನಾನಂತೂ ಆ ಫೋನು ಮಾಡುವುದಿಲ್ಲ.

ಭಾನುವಾರ ಅವಳ ಎರಡೂ ಕೈತುಂಬ ಹಸಿರು ಗಾಜಿನ ಬಳೆ ತೊಡಿಸುತ್ತಾರೆ. ಬಳೆಯ ಸದ್ದು ಹೊಟ್ಟೆಯೊಳಗಿನ ಕೂಸಿಗೆ ಕೇಳಿಸಲಿ ಎಂದೇ ಈ ಶಾಸ್ತ್ರ ಹುಟ್ಟಿತು ಎಂದು ಈಗೀಗ ವಿವರಣೆ ಕೊಡುವವರಿದ್ದಾರೆ. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ. ಏಳನೇ ತಿಂಗಳ ಹೊತ್ತಿಗೆ ಕೂಸಿಗೆ ಸದ್ದು ಕೇಳಿಸುತ್ತದೆ ಎಂಬುದೇನೋ ನಿಜ. ಆದರೆ ಬಳೆಯ ಕಿಣಿಕಿಣಿಯಂಥ ಏರು ದನಿ ಹೊಟ್ಟೆ, ನೀರುಗಳನ್ನು ದಾಟಿ ಹೋಗುವಷ್ಟರಲ್ಲಿ ಬಹಳ ಮಂಕಾಗಿರುತ್ತದೆ. ತಗ್ಗಿನ ದನಿಗಳು ಹೆಚ್ಚು ಸಲೀಸಾಗಿ ಮುಟ್ಟುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಮುಟ್ಟುವುದು ತಾಯಿಯ ಮಾತು, ಏಕೆಂದರೆ ಅದು ಹೊರಗಿನ ಗಾಳಿಯಿಂದಷ್ಟೇ ಅಲ್ಲ, ಅವಳ ಮೈಯೊಳಗಿಂದಲೂ ಇಳಿಯುತ್ತದೆ. ಬಳೆ ತೊಡುವುದಕ್ಕೆ ಚಂದ ಎಂಬ ಕಾರಣವೇ ಸಾಕು. ಕೈ ಸ್ವಲ್ಪ ಊದಿಕೊಂಡಿದ್ದರೆ ಒಂದು ಅಳತೆ ದೊಡ್ಡದು ತಂದರಾಯಿತು.

1980ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹುಟ್ಟಿ ಮೂರು ದಿನ ತುಂಬದ ಕೂಸುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು, ಕಿವಿಯ ಬಳಿ ಧ್ವನಿಮುದ್ರಣ ಇಟ್ಟರು. ಒಂದು ರೀತಿ ಚೀಪಿದರೆ ತಾಯಿಯ ದನಿ, ಇನ್ನೊಂದು ರೀತಿ ಚೀಪಿದರೆ ಬೇರೊಬ್ಬ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವಂತೆ ಚೀಪುವುದನ್ನು ಕಲಿತುಕೊಂಡವು. ಆರು ವರ್ಷದ ಮೇಲೆ ಡಿಕ್ಯಾಸ್ಪರ್, ಮೆಲನಿ ಸ್ಪೆನ್ಸ್ ಜೊತೆ ಸೇರಿ, ಬಸುರಿಯರಿಂದ ಕೊನೆಯ ಆರು ವಾರ ದಿನವೂ ಒಂದೇ ಮಕ್ಕಳ ಕತೆಯನ್ನು ಗಟ್ಟಿಯಾಗಿ ಓದಿಸಿದರು. ಹುಟ್ಟಿದ ಮೇಲೆ ಆ ಕೂಸುಗಳು ಹೊಸ ಕತೆಗಿಂತ ಅದೇ ಕತೆಯ ಕಡೆಗೆ ವಾಲಿದವು. ಕತೆಯ ಅರ್ಥ ಅವಕ್ಕೆ ಆಯಿತೆಂದಲ್ಲ, ಲಯದ ಪರಿಚಯವಿತ್ತು ಅಷ್ಟೆ. ಇದನ್ನು ಕೇಳಿ ಬಸುರಿಯ ಕೈಗೆ ಮತ್ತೊಂದು ಪಾಠಪಟ್ಟಿ ಹಿಡಿಸಬಾರದು. ನನ್ನ ಗೆಳತಿ ಪ್ರಾಥಮಿಕ ಶಾಲೆಯ ಟೀಚರು. ದಿನವಿಡೀ ಮಗ್ಗಿ ಹೇಳಿಸುತ್ತಾ ಗಟ್ಟಿ ದನಿಯಲ್ಲಿ ಮಾತಾಡುವುದೇ ಅವಳ ಕೆಲಸ. ಅವಳ ಕೂಸಿಗೆ ಆ ದನಿ ಈಗಾಗಲೇ ಪರಿಚಯವಾಗಿರಬೇಕು, ಮಗ್ಗಿಯ ರಾಗವೂ.

ಮತ್ತೆ ಸೂತ್ರಕ್ಕೆ ಬರುತ್ತೇನೆ. ಹೊಳೆಯ ಮಾತಾದ ಕೂಡಲೇ ಅಲ್ಲಿ ಇನ್ನೊಂದು ಸಾಲಿದೆ: ಗಂಡ ಮತ್ತು ಮಕ್ಕಳು ಬದುಕಿರುವ ವೃದ್ಧ ಬ್ರಾಹ್ಮಣ ಸ್ತ್ರೀಯರು ಏನೇನು ಹೇಳುತ್ತಾರೋ ಅದನ್ನೆಲ್ಲ ಮಾಡಬೇಕು. ಈ ಸಾಲಿಗೆ ಎರಡು ಮುಖ. ಮಂತ್ರ ಬಲ್ಲ ಗಂಡಸರ ಗ್ರಂಥವೊಂದು, ಇಲ್ಲಿಂದ ಮುಂದೆ ಹೆಂಗಸರ ಅನುಭವವೇ ದೊಡ್ಡದು ಎಂದು ದಾರಿ ಬಿಟ್ಟುಕೊಡುತ್ತದೆ. ಅದೇ ಉಸಿರಿನಲ್ಲಿ, ಆ ಅನುಭವ ಇದ್ದವರಲ್ಲೇ ಎಷ್ಟೋ ಜನರನ್ನು ಹೊಸಿಲಾಚೆ ನಿಲ್ಲಿಸುತ್ತದೆ.

ಗೆಳತಿಯ ಚಿಕ್ಕಮ್ಮ ಹಾಗೆ ಹೊಸಿಲಾಚೆ ನಿಲ್ಲುವವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ತಾಲ್ಲೂಕಿನ ಹಳ್ಳಿಗಳಲ್ಲಿ ನರ್ಸಮ್ಮನಾಗಿ ದುಡಿದು ನಿವೃತ್ತರಾದವರು. ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಕೇಳಿದರೆ ಲೆಕ್ಕ ಇಟ್ಟಿಲ್ಲ ಎಂದು ನಗುತ್ತಾರೆ. ಇಂಥ ಸಮಾರಂಭಗಳಲ್ಲಿ ಅವರು ತಾವಾಗಿಯೇ ಅಡುಗೆಮನೆ ಸೇರಿಕೊಂಡುಬಿಡುತ್ತಾರೆ. ಈ ಸಲ ಗೆಳತಿ ಮನೆಯವರಿಗೆ ಮೊದಲೇ ತಿಳಿಸಿದ್ದಾಳೆ: “ಮೊದಲ ಬಳೆ ಚಿಕ್ಕಮ್ಮನೇ ತೊಡಿಸಬೇಕು, ಮೊದಲ ಹೂ ಅವರೇ ಮುಡಿಸಬೇಕು.” ಅತ್ತೆ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ, “ಹೆರಿಗೆ ನೋವಿನ ಹೊತ್ತಿಗೆ ನಾವೆಲ್ಲ ಅವರನ್ನೇ ತಾನೇ ಕರೆಯೋದು” ಎಂದರಂತೆ. ಹಳೆಯ ಸೂತ್ರಕ್ಕೆ ಅತ್ತೆ ಬರೆದ ಈ ವ್ಯಾಖ್ಯಾನವನ್ನು ನಾನು ಒಪ್ಪುತ್ತೇನೆ.

ಅತ್ತೆ ಹೇಳಿದ ಆ ಹೊತ್ತು ಸಣ್ಣದೇನಲ್ಲ. ಹೆರಿಗೆಯುದ್ದಕ್ಕೂ ಬೇಕಾದವರೊಬ್ಬರು ಎಡೆಬಿಡದೆ ಪಕ್ಕದಲ್ಲಿದ್ದರೆ ನೋವಿನ ಹೊತ್ತು ಸ್ವಲ್ಪ ಕಿರಿದಾಗುತ್ತದೆ, ಸಿಸೇರಿಯನ್ ಬೇಕಾಗುವುದು ಕಡಿಮೆಯಾಗುತ್ತದೆ ಎಂದು ಬಹಳ ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಸರ್ಕಾರಿ ಆಸ್ಪತ್ರೆಗಳಲ್ಲೂ ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಹೇಳಿದೆ. ಎಲ್ಲ ಕಡೆಯೂ ಬಿಡುತ್ತಾರೆಂದಲ್ಲ, ಮೊದಲೇ ಹೋಗಿ ಕೇಳಿಟ್ಟುಕೊಳ್ಳಬೇಕು. ಕೇಳಿ ಬರುವ ಆ ಕೆಲಸವನ್ನು ಬಸುರಿಯ ಬದಲು ನಾನೇ ಮಾಡಬಹುದಲ್ಲ?

ಈ ಎಳೆ ಹಿಡಿದ ಮೇಲೆ ಚೀಟಿಯ ದಾರಿ ಕಂಡಿತು. ಈ ತಿಂಗಳುಗಳಲ್ಲಿ ನಿಜಕ್ಕೂ ಗಮನ ಕೊಡಬೇಕಾದದ್ದು ಕೆಲವಿದೆ. ಕೂಸಿನ ಮಿಸುಕಾಟ ಅದರಲ್ಲಿ ಮುಖ್ಯ. ದಿನಕ್ಕೆ ಇಷ್ಟೇ ಸಲ ಒದೆಯಬೇಕೆಂಬ ಕಟ್ಟುನಿಟ್ಟಿಲ್ಲ. ತನ್ನ ಕೂಸು ಯಾವ ಹೊತ್ತಿಗೆ ಹೇಗೆ ಆಡುತ್ತದೆಂಬ ರೂಢಿ ಪ್ರತಿ ತಾಯಿಗೂ ಗೊತ್ತಾಗಿರುತ್ತದೆ. ಆ ರೂಢಿ ತಪ್ಪಿ ಮಿಸುಕಾಟ ಕಡಿಮೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಹೆಚ್ಚಿನ ಸಲ ಎಲ್ಲ ಸರಿಯಿದೆ ಎಂದು ನೋಡಿ ಕಳಿಸುತ್ತಾರೆ. ಇದನ್ನು ಎಚ್ಚರಿಕೆಯ ಧಾಟಿಯಲ್ಲಿ ಬರೆದರೆ ಅವಳ ನಿದ್ದೆ ಕೆಡುತ್ತದೆ. ಅದೇ ವಿಷಯದಲ್ಲಿ ನಾನು ಮಾಡಬಹುದಾದ್ದನ್ನು ಬರೆದರೆ ಕಳವಳದ ಒಂದು ತುದಿ ನನ್ನ ಕೈಗೆ ಬರುತ್ತದೆ. ಹಾರೈಸುವವರಿಗೆ ಅಷ್ಟಾದರೂ ಕೆಲಸವಿರಬೇಡವೇ?

ಕೊನೆಗೆ ಬರೆದದ್ದು ಹೀಗಿದೆ.

“ಹೇಮಾವತಿಯ ದಡದ ಟೀಚರಮ್ಮನಿಗೆ, ನಿನ್ನ ದನಿಯನ್ನು ಗುರುತು ಹಿಡಿಯುವ ಒಂದು ಜೀವ ಬರುತ್ತಿರುವುದು ನನಗೆ ತುಂಬ ಖುಷಿ ಕಣೇ. ಅದು ಯಾರಾಗಿ ಬಂದರೂ, ಯಾವ ದಿನ ಬಂದರೂ ಅದಕ್ಕೆ ನಮ್ಮ ಮನೆಯಲ್ಲೂ ಒಂದು ತೊಡೆ ಕಾದಿದೆ. ಆಸ್ಪತ್ರೆಯಲ್ಲಿ ಚಿಕ್ಕಮ್ಮನನ್ನು ನಿನ್ನ ಜೊತೆ ಬಿಡುತ್ತಾರೋ ಇಲ್ಲವೋ, ಸೋಮವಾರ ಹೋಗಿ ನಾನೇ ಕೇಳಿ ಬರುತ್ತೇನೆ. ಮಿಸುಕಾಟ ಕಮ್ಮಿ ಅನ್ನಿಸಿದರೆ ರಾತ್ರಿ ಎರಡು ಗಂಟೆಯಾದರೂ ಫೋನು ಮಾಡು, ಕಾರು ತರುತ್ತೇನೆ. ಏನೂ ಆಗಿರದಿದ್ದರೆ ದಾರಿಯಲ್ಲಿ ಕಾಫಿ ಕುಡಿದು ವಾಪಸು ಬರೋಣ. ಬಾಣಂತನದ ಮೊದಲ ವಾರ ರಾತ್ರಿಯ ಸಾರು ನನ್ನದು. ಖಾರ ಎಷ್ಟಿರಬೇಕೆಂದು ಈಗಲೇ ಹೇಳಿಬಿಡು.”