ಅತ್ತೆಗೆ ಹೇಳಬೇಕಾದ ಮಾತು

ಹೆರಿಗೆ ರಜೆಯ ಇಪ್ಪತ್ತಾರು ವಾರಗಳು ಮುಗಿಯಲು ಮೂರು ವಾರ ಇರುವಾಗ ಅತ್ತೆ ಊರಿಂದ ಪುಣೆಗೆ ಬಂದರು. ಬಾಣಂತನ ಮುಗಿಸಿ ನನ್ನ ಅಮ್ಮ ಊರಿಗೆ ಹೋಗಿಯಾಗಿತ್ತು. ನಾನು ಕೆಲಸಕ್ಕೆ ಹೊರಟರೆ ಮಗುವನ್ನು ನೋಡಿಕೊಳ್ಳುವವರು ಅತ್ತೆಯೇ. ಮಾವನನ್ನು, ಮನೆಯನ್ನು, ಅಂಗಳದ ಗಿಡಗಳನ್ನು ಬಿಟ್ಟು ಅವರು ಬಂದದ್ದು ನಮಗಾಗಿ. ಹಾಗಾಗಿ ನನ್ನ ಪ್ರಶ್ನೆ ಶುರುವಾಗುವುದೇ ಇಲ್ಲಿಂದ: ಇಷ್ಟು ದೊಡ್ಡ ಉಪಕಾರ ಪಡೆಯುತ್ತಿರುವವಳು, ಉಪಕಾರ ಮಾಡುವವರಿಗೆ 'ಸ್ವಲ್ಪ ಕಡಿಮೆ ಹೇಳಿ' ಎನ್ನಬಹುದೇ?

ಬಂದ ದಿನದಿಂದಲೇ ಸಲಹೆಗಳು ಶುರುವಾದವು. ಕುಲಾವಿ ಹಾಕು, ಶೀತ ಆಗತ್ತೆ. ಫ್ಯಾನ್ ಆರಿಸು. ಬೇಸಿಗೆ ಅಲ್ವಾ, ಒಂದು ಚಮಚ ನೀರು ಕುಡಿಸು. ನಾಲಿಗೆಗೆ ಚೂರು ಜೇನುತುಪ್ಪ ಸವರು, ಮಾತು ಚೆನ್ನಾಗಿ ಬರತ್ತೆ. ಮಗು ಅತ್ತಾಗಲೆಲ್ಲ ಒಂದೇ ಮಾತು, 'ಹಾಲು ಸಾಲ್ತಿಲ್ಲ ಅನ್ಸತ್ತೆ.'

ಗಂಡನಿಗೆ ಹೇಳಿದೆ. ಅವನು, 'ಅಮ್ಮ ಹಾಗೇ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡು' ಅಂದ. ನಮ್ಮಲ್ಲಿ ಇದನ್ನು ಹಿರಿಯರಿಗೆ ಕೊಡುವ ಗೌರವ ಎಂದೇ ತಿಳಿಯುತ್ತೇವೆ. ನಾನೂ ಎರಡು ವಾರ ಹಾಗೇ ಮಾಡಿದೆ. 'ಹೂಂ ಅತ್ತೆ' ಅನ್ನುವುದು, ಅವರು ಅತ್ತ ಹೋದ ಮೇಲೆ ಕುಲಾವಿ ತೆಗೆಯುವುದು. ಒಂದು ಸಂಜೆ ಅವರು ವಾಪಸ್ ಬಂದು ನೋಡಿದರು. ಏನೂ ಅನ್ನಲಿಲ್ಲ. ಕುಲಾವಿಯನ್ನು ಮಡಚಿ ತೊಟ್ಟಿಲ ಪಕ್ಕ ಇಟ್ಟರು. ಅವರ ಮಾತನ್ನು ನಾನು ಉತ್ತರ ಕೊಡುವಷ್ಟೂ ಲೆಕ್ಕಕ್ಕೆ ಇಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಎದುರು ಮಾತಾಡದೆ ಬದಿಗೆ ಸರಿಸುವುದು ಅಗೌರವವೇ, ಸದ್ದಿಲ್ಲದ್ದು ಅಷ್ಟೇ.

ಇನ್ನೊಂದು ದಿನ ಜೇನುತುಪ್ಪದ ಬಾಟಲಿ ಅವರ ಕೈಯಲ್ಲಿ ಕಂಡು ನಾನು ಕೂಗಿಯೇ ಬಿಟ್ಟೆ, 'ಡಾಕ್ಟರ್ ಕೊಡಬೇಡಿ ಅಂದಿದಾರೆ!' ಎರಡು ದಿನ ಮನೆಯಲ್ಲಿ ಮಾತಿಲ್ಲ. ಜೇನುತುಪ್ಪದ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ. ಅದರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರಿಗೆ ಅದರಿಂದ ಏನೂ ಆಗುವುದಿಲ್ಲ. ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮಾತ್ರ ಅದು ಬೆಳೆದು ವಿಷ ಉಂಟುಮಾಡಬಹುದು. ಅಪರೂಪ, ಆದರೆ ಬಂದರೆ ಮಗುವಿನ ಮೈ ಸೋತು ಉಸಿರಿಗೇ ತೊಂದರೆ. ಇಷ್ಟನ್ನು ನಾನು ಅತ್ತೆಗೆ ಹೇಳಬಹುದಿತ್ತು. ಹೇಳಲಿಲ್ಲ. ಕಾರಣ ಕೊಟ್ಟಿದ್ದರೆ ಅವರು ತಿಳಿದುಕೊಳ್ಳಬಲ್ಲವರು ಎಂದು ಒಪ್ಪಿದಂತಾಗುತ್ತಿತ್ತು. ಡಾಕ್ಟರರ ಹೆಸರನ್ನು ಅವರ ಮುಂದೆ ಹಿಡಿದದ್ದು ಬಾಯಿ ಮುಚ್ಚಿಸುವುದಕ್ಕೆ ಮಾತ್ರ.

ಆ ಎರಡು ದಿನ ಕೂತು ಅವರ ಸಲಹೆಗಳನ್ನು ಬೇರೆ ಬೇರೆ ಮಾಡಿ ನೋಡಿದೆ. ಮಗುವಿಗೆ ಅಪಾಯ ಆಗಬಹುದಾದವು ಮೂರೇ: ಜೇನುತುಪ್ಪ, ಕಣ್ಣಿಗೆ ಕಾಡಿಗೆ, ಆರು ತಿಂಗಳಿಗೆ ಮೊದಲು ನೀರು. ತಾಯಿಯ ಹಾಲಿನಲ್ಲೇ ಬೇಸಿಗೆಗೂ ಸಾಕಾಗುವಷ್ಟು ನೀರಿರುತ್ತದೆ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಎರಡನೆಯ ಗುಂಪಿನವು ಹೀಗೂ ಮಾಡಬಹುದು, ಹಾಗೂ ಮಾಡಬಹುದು ಅನ್ನುವಂಥವು: ಸ್ನಾನದ ಹೊತ್ತು, ಎಣ್ಣೆ ತಿಕ್ಕುವ ರೀತಿ, ತೊಟ್ಟಿಲೋ ಮಡಿಲೋ. ಇವೇ ಹೆಚ್ಚು, ಮತ್ತು ಇವುಗಳಲ್ಲಿ ನಾನು ಹಟ ಹಿಡಿದದ್ದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣವೇ ಇರಲಿಲ್ಲ. ಮೂರನೆಯದು ಒಂದೇ ಮಾತು, ಹಾಲು ಸಾಲುತ್ತಿಲ್ಲ ಎಂಬುದು. ಅದು ಮಗುವಿನ ಬಗ್ಗೆ ಅಂತ ತೋರುತ್ತದೆ, ತಾಗುವುದು ತಾಯಿಗೆ. ಮಗು ದಿನಕ್ಕೆ ಆರೇಳು ಸಲ ಚೆನ್ನಾಗಿ ಒದ್ದೆ ಮಾಡುತ್ತಿತ್ತು, ತೂಕ ಏರುತ್ತಿತ್ತು. ಹಾಲು ಸಾಕಾಗುತ್ತಿದೆ ಎನ್ನಲು ಅಷ್ಟು ಸಾಕು. ಆದರೂ ರಾತ್ರಿ ಎರಡಕ್ಕೆ ಅಳುವ ಮಗುವನ್ನು ಎತ್ತಿಕೊಂಡಾಗ ನನಗೆ ಕೇಳುತ್ತಿದ್ದದ್ದು ಆ ಮಾತೇ.

ಹೇಳುವವರು ಯಾರು ಎಂಬುದು ಮುಂದಿನ ಪ್ರಶ್ನೆ. 'ನಿಮ್ಮಮ್ಮಂಗೆ ನೀನೇ ಹೇಳು' ಎಂದು ಗಂಡನನ್ನು ಕಳಿಸುವುದು ಸುಲಭ. ಆದರೆ 'ಅವಳಿಗೆ ಬೇಜಾರಾಗ್ತಿದೆ ಅಮ್ಮ' ಅಂತ ಮಗ ಹೇಳಿದರೆ ತಾಯಿಗೆ ಕೇಳುವುದು ಸೊಸೆಯ ದೂರು. ಹೀಗಾಗಿ ಹಂಚಿಕೊಂಡೆವು. ಅಪಾಯದ ಮೂರು ವಿಷಯಗಳನ್ನು ಅವನು, ತಂದೆಯಾಗಿ, 'ನಾವಿಬ್ಬರೂ ತೀರ್ಮಾನ ಮಾಡಿದೀವಿ' ಎಂದು ಕಾರಣ ಸಮೇತ ಹೇಳಿದ. ನನ್ನ ನೋವಿನ ಮಾತನ್ನು ನಾನೇ ಹೇಳಬೇಕಿತ್ತು.

ಮಗು ಮಲಗಿದ್ದ ಒಂದು ಮಧ್ಯಾಹ್ನ ಇಬ್ಬರೂ ಸೊಪ್ಪು ಬಿಡಿಸುತ್ತಿದ್ದೆವು. ಮೊದಲು ಅವತ್ತು ಕೂಗಿದ್ದಕ್ಕೆ ತಪ್ಪಾಯಿತು ಅಂದೆ. ಆಮೇಲೆ, 'ಅತ್ತೆ, ಮಗು ಅಳುವಾಗ ಹಾಲು ಸಾಲ್ತಿಲ್ಲ ಅಂತ ನೀವು ಅಂದ್ರೆ ನಂಗೆ ಕೈಕಾಲೇ ಆಡಲ್ಲ. ನಾನು ಮಾಡ್ತಿರೋದು ತಪ್ಪು ಅನ್ಸಿದ್ರೆ ರಾತ್ರಿ ಊಟ ಆದ್ಮೇಲೆ ಹೇಳಿ, ಕೂತು ಕೇಳ್ತೀನಿ. ಅಳೋ ಹೊತ್ತಲ್ಲಿ ಮಾತ್ರ ಬೇಡ' ಅಂದೆ.

ಅವರು ದಂಟು ಮುರಿಯುತ್ತಲೇ ಕೇಳಿದರು, 'ಹಂಗಾದ್ರೆ ನಾನ್ಯಾಕೆ ಬಂದೆ ಇಲ್ಲಿಗೆ?'

ಇದು ಕೋಪದ ಮಾತಲ್ಲ, ನಿಜವಾದ ಪ್ರಶ್ನೆ. ಊರಲ್ಲಿ ಅವರಿಗೆ ದಿನಕ್ಕೆ ಹತ್ತು ಜನರ ಹತ್ತಿರ ಮಾತು. ಇಲ್ಲಿ ಏಳನೇ ಮಹಡಿ, ಲಿಫ್ಟಿನಲ್ಲಿ ಸಿಕ್ಕವರ ಮರಾಠಿ ಅರ್ಥವಾಗದು, ಹಿಂದಿ ಬಾರದು. ಈ ಮನೆಯಲ್ಲಿ ಅವರಿಗೆ ಖಚಿತವಾಗಿ ಗೊತ್ತಿದ್ದದ್ದು ಒಂದೇ, ಮಗು ಸಾಕುವುದು. ಅದನ್ನೂ ಹೇಳಬೇಡಿ ಅಂದರೆ ಉಳಿಯುವುದು ಕೆಲಸ ಮಾತ್ರ. ಸಂಬಳವಿಲ್ಲದ ಕೆಲಸ.

ನನ್ನ ಉತ್ತರ ಆಗ ಸರಿಯಾಗಿ ಬರಲಿಲ್ಲ. ಆಫೀಸು ಶುರುವಾದ ಮೇಲೆ ಬಂತು. ಮೊದಲ ವಾರ ಅಲ್ಲಿಂದ ನಾನು ಗಂಟೆಗೊಂದು ಫೋನು ಮಾಡುತ್ತಿದ್ದೆ. ಮಲಗಿದ್ನಾ? ಎಷ್ಟು ತಿಂದ? ಎಡಕ್ಕೆ ಮಲಗಿಸಿ, ಕಿಟಕಿ ತೆಗೀರಿ. ಮೂವತ್ತು ವರ್ಷದ ಹಿಂದೆ ಎರಡು ಮಕ್ಕಳನ್ನು ಸಾಕಿದವರಿಗೆ, ಕೇಳದಿದ್ದರೂ, ನಾನು ಸಲಹೆ ಕೊಡುತ್ತಿದ್ದೆ. ಅವರು 'ಹೂಂ ಕಣಮ್ಮ' ಅನ್ನುತ್ತಿದ್ದರು. ನಾನು ಅನ್ನುತ್ತಿದ್ದ 'ಹೂಂ ಅತ್ತೆ'ಯದೇ ಧಾಟಿ.

ಆಗ ನನಗೆ ತೋಚಿದ್ದು ಇದು. ಉಪಕಾರ ಪಡೆದದ್ದಕ್ಕೆ ಕೃತಜ್ಞತೆ ಸಲ್ಲಬೇಕು. ಹಾಗಂತ ಮಗುವಿನ ಬಗೆಗಿನ ತೀರ್ಮಾನಗಳನ್ನು ಬಾಡಿಗೆಯಂತೆ ಒಪ್ಪಿಸಬೇಕಿಲ್ಲ, ಆದ್ದರಿಂದ ನಾನು ಕೇಳಿಕೊಂಡದ್ದು ತಪ್ಪಲ್ಲ. ಆದರೆ ಒಂಬತ್ತು ಗಂಟೆ ಹೊತ್ತು ಮಗುವಿನ ಹೊಣೆ ಹೊತ್ತವರಿಗೆ ಆ ಒಂಬತ್ತು ಗಂಟೆಯ ತೀರ್ಮಾನವೂ ಸೇರಬೇಕು. ಹೊಣೆ ಅವರದು, ಅಧಿಕಾರ ನನ್ನದು ಅನ್ನುವುದೇ ಅನ್ಯಾಯ. ಮೂರು ವಿಷಯ ಬಿಟ್ಟು ಉಳಿದದ್ದೆಲ್ಲ ಹಗಲಲ್ಲಿ ನಿಮ್ಮಿಷ್ಟ ಎಂದು ಹೇಳಿ, ಫೋನನ್ನು ಮಧ್ಯಾಹ್ನಕ್ಕೊಂದು ಸಲಕ್ಕೆ ಇಳಿಸಿದೆ. ಸುಲಭವಾಗಿರಲಿಲ್ಲ.

ಆರು ತಿಂಗಳು ತುಂಬಿದ್ದರಿಂದ ರಾಗಿ ಸರಿ ಶುರು ಮಾಡಬೇಕಿತ್ತು. ಹಿರಿಯರಿಗೆ ಒಂದು ಕೆಲಸ ಕೊಟ್ಟರೆ ಸುಮ್ಮನಾಗುತ್ತಾರೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಸುಮ್ಮನಿರಿಸಲು ಕೇಳಿದರೆ ಅದು ಮೋಸ. ಅವರಿಗೂ ಗೊತ್ತಾಗುತ್ತದೆ. ನನಗೆ ನಿಜವಾಗಿಯೂ ಬರುತ್ತಿರಲಿಲ್ಲ, ಹಾಗಾಗಿ ಕೇಳಿದೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದನ್ನು ಅವರು ತೋರಿಸಿದರು. ಬಟ್ಟೆಯ ಮೇಲೆ ಉಳಿದ ಹೊಟ್ಟನ್ನು ಮುಟ್ಟಿಸಿ, 'ಇದು ಹೋದ್ರೆ ಹೊಟ್ಟೆ ಕೆಡತ್ತೆ' ಅಂದರು. ಈ ಸಲಹೆಯನ್ನು ನಾನು ಕೇಳಿ ಪಡೆದಿದ್ದೆ.

ಸಲಹೆಗಳು ಪೂರ್ತಿ ನಿಂತಿಲ್ಲ. ಹತ್ತರಲ್ಲಿ ಮೂರು ಉಳಿದಿವೆ, ಹೆಚ್ಚಿನವು ರಾತ್ರಿ ಊಟದ ನಂತರ ಬರುತ್ತವೆ. ಹಾಲಿನ ಮಾತು ಒಮ್ಮೆ ಬಾಯಿಗೆ ಬಂದು ಅಲ್ಲೇ ನಿಂತದ್ದನ್ನು ನೋಡಿದೆ. ಕುಲಾವಿಯದು ಮಾತ್ರ ಬಿಡಲು ಅವರಿಂದಾಗಿಲ್ಲ. ಸಂಜೆ ಬಾಲ್ಕನಿಗೆ ಹೋಗುವಾಗ ಹಾಕುತ್ತೇನೆ. ಸೆಕೆ ಇದ್ದರೆ, 'ಅತ್ತೆ, ಇವತ್ತು ಬೆವರ್ತಾ ಇದಾನೆ, ತೆಗೀತೀನಿ' ಎಂದು ಅವರ ಎದುರಿಗೇ ತೆಗೆಯುತ್ತೇನೆ.