ನೆರಳಿನೊಳಗೊಂದು ಬೆಳಕಿನ ಚುಕ್ಕೆ

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ನಡೆಸಿದ ಸ್ಪರ್ಧೆಗೆ 1818ರಲ್ಲಿ ಫ್ರೆನೆಲ್ ಎಂಬ ರಸ್ತೆ ಇಂಜಿನಿಯರ್ ಒಂದು ಪ್ರಬಂಧ ಕಳಿಸಿದ. ಬೆಳಕು ಅಲೆಯಾಗಿ ಸಾಗುತ್ತದೆ ಎಂಬುದು ಅವನ ವಾದ. ತೀರ್ಪುಗಾರರಲ್ಲೊಬ್ಬನಾದ ಪ್ವಾಸೋನ್, ಬೆಳಕೆಂದರೆ ಕಣಗಳ ಪ್ರವಾಹ ಎಂದು ನಂಬಿದ್ದ ಗಣಿತಜ್ಞ. ಅವನು ಫ್ರೆನೆಲ್‌ನ ಲೆಕ್ಕವನ್ನೇ ಮುಂದುವರಿಸಿ ಒಂದು ವಿಚಿತ್ರ ಫಲಿತಾಂಶ ಹೊರತೆಗೆದ. ದುಂಡನೆಯ ಬಿಲ್ಲೆಯೊಂದನ್ನು ಬೆಳಕಿಗೆ ಅಡ್ಡ ಇಟ್ಟರೆ ಅದರ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಮೂಡಬೇಕು! ಬಿಲ್ಲೆಯ ಅಂಚಿನ ಎಲ್ಲ ಬಿಂದುಗಳೂ ಆ ನಡುವಿನಿಂದ ಒಂದೇ ದೂರದಲ್ಲಿರುವುದರಿಂದ, ಅಲ್ಲಿಗೆ ಬರುವ ಅಲೆಗಳು ಏರಿಗೆ ಏರು, ಇಳಿತಕ್ಕೆ ಇಳಿತ ಕೂಡಿಕೊಂಡು ಬಲಗೊಳ್ಳುತ್ತವೆ. ಇಂಥ ಅಸಂಬದ್ಧಕ್ಕೆ ಎಳೆದೊಯ್ಯುವ ಸಿದ್ಧಾಂತ ನಿಲ್ಲಲಾರದು ಎಂಬುದು ಪ್ವಾಸೋನ್‌ನ ಎಣಿಕೆ. ಅದೇ ಸಮಿತಿಯಲ್ಲಿದ್ದ ಅರಾಗೋ 2 ಮಿಲಿಮೀಟರ್ ಅಗಲದ ಬಿಲ್ಲೆಯಿಟ್ಟು ಪರೀಕ್ಷಿಸಿದ. ಚುಕ್ಕೆ ಅಲ್ಲಿತ್ತು. 1819ರಲ್ಲಿ ಬಹುಮಾನ ಫ್ರೆನೆಲ್‌ಗೆ ಸಂದಿತು.

ವೈಜ್ಞಾನಿಕ ವಾಸ್ತವವಾದಿಗಳು ಬೆರಳಿಟ್ಟು ತೋರಿಸುವುದು ಇಂಥ ಘಟನೆಗಳನ್ನೇ. ಕಣ್ಣಿಗೆ ಕಾಣದ್ದರ ಬಗ್ಗೆ ಸಿದ್ಧಾಂತ ಹೇಳುವ ಮಾತು ಹೆಚ್ಚುಕಡಿಮೆ ನಿಜವಾಗಿರದಿದ್ದರೆ, ಯಾರೂ ನಿರೀಕ್ಷಿಸದ ಚುಕ್ಕೆಯನ್ನು ಅದು ಮೊದಲೇ ಹೇಳಿದ್ದು ಪವಾಡವಾಗುತ್ತದೆ. ಈ ವಾದಕ್ಕೆ 1975ರಲ್ಲಿ ಹೆಸರುವಾಸಿಯಾದ ರೂಪ ಕೊಟ್ಟವನು ಅಮೆರಿಕದ ತತ್ತ್ವಜ್ಞಾನಿ ಹಿಲರಿ ಪಟ್ನಮ್.

ಉಪಕರಣವಾದಿಗಳ ದೃಷ್ಟಿಯಲ್ಲಿ ಸಿದ್ಧಾಂತವೆಂಬುದು ಲೆಕ್ಕ ಹಾಕುವ ಸಾಧನ. ಕಾಣುವುದನ್ನು ಸರಿಯಾಗಿ ಮುನ್ನುಡಿದರೆ ಸಾಕು, ಕಾಣದ್ದರ ಬಗ್ಗೆ ಅದು ನಿಜ ಹೇಳುತ್ತದೆಂದು ನಂಬಬೇಕಿಲ್ಲ. ಅವರಿಗೆ ಹತ್ತಿರದ ನಿಲುವಿನ ಬಾಸ್ ವಾನ್ ಫ್ರಾಸನ್ 1980ರಲ್ಲಿ ಕೊಟ್ಟ ಉತ್ತರ ಇದು: ಸೋತ ಸಿದ್ಧಾಂತಗಳನ್ನು ನಾವು ಕೈಬಿಡುತ್ತೇವೆ, ಹಾಗಾಗಿ ಉಳಿದಿರುವವು ಗೆದ್ದವೇ; ಅದರಲ್ಲಿ ಪವಾಡವೇನು? ಈ ಉತ್ತರ ನನಗೆ ಸಾಲದು. ನಮ್ಮ ಕೈಯಲ್ಲಿ ಗೆದ್ದ ಸಿದ್ಧಾಂತಗಳೇ ಏಕಿವೆ ಎಂಬುದನ್ನು ಅದು ಹೇಳುತ್ತದೆ. ಫ್ರೆನೆಲ್‌ನ ಸಿದ್ಧಾಂತ ಏಕೆ ಗೆದ್ದಿತು ಎಂಬುದನ್ನು ಹೇಳುವುದಿಲ್ಲ.

ವಾಸ್ತವವಾದಕ್ಕೆ ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ಫ್ರೆನೆಲ್‌ನ ಅಲೆಗಳು ಏಳುತ್ತಿದ್ದುದು ಜಗತ್ತನ್ನೆಲ್ಲ ತುಂಬಿರುವ ಈಥರ್ ಎಂಬ ಮಾಧ್ಯಮದಲ್ಲಿ. ಅಂಥ ಮಾಧ್ಯಮ ಇಲ್ಲವೆಂದು ಭೌತವಿಜ್ಞಾನ ಮುಂದೆ ಅದನ್ನು ಕೈಬಿಟ್ಟಿತು. ಇಲ್ಲದ ವಸ್ತುವನ್ನು ನೆಚ್ಚಿದ ಸಿದ್ಧಾಂತವೂ ಗೆಲ್ಲಬಲ್ಲದಾದರೆ ಗೆಲುವಿನಿಂದ ಸತ್ಯಕ್ಕೆ ಹಾದಿ ಎಲ್ಲಿ? 1981ರಲ್ಲಿ ತತ್ತ್ವಜ್ಞಾನಿ ಲ್ಯಾರಿ ಲೌಡನ್ ಇಂಥ ಹಳೆಯ ಸಿದ್ಧಾಂತಗಳ ಪಟ್ಟಿಯನ್ನೇ ಮುಂದಿಟ್ಟ.

ಇದರಿಂದ ಪಾರಾಗಲು ತತ್ತ್ವಜ್ಞಾನಿ ಜಾನ್ ವೊರಲ್ 1989ರಲ್ಲಿ ಒಂದು ದಾರಿ ತೋರಿಸಿದ. ಈಥರ್ ಹೋದರೂ ಫ್ರೆನೆಲ್‌ನ ಸಮೀಕರಣಗಳು ಮ್ಯಾಕ್ಸ್‌ವೆಲ್‌ನ ಸಿದ್ಧಾಂತದಲ್ಲಿ ಉಳಿದವು. ಹಾಗಾಗಿ ನಂಬಬೇಕಾದದ್ದು ಸಿದ್ಧಾಂತದ ರಚನೆಯನ್ನು, ಅದು ಹೆಸರಿಸುವ ವಸ್ತುಗಳನ್ನಲ್ಲ. ಚುಕ್ಕೆಯ ಮಟ್ಟಿಗೆ ಇದು ಒಪ್ಪುವ ಮಾತು. ಆ ಲೆಕ್ಕಕ್ಕೆ ಬೇಕಾದದ್ದು ಅಲೆಗಳು ಕೂಡುವ, ಕಳೆಯುವ ಕ್ರಮ ಮಾತ್ರ. ಈಥರಿನ ಗುಣಗಳು ಅದರಲ್ಲಿ ಬರುವುದೇ ಇಲ್ಲ.

ತೊಡಕು ಇರುವುದು ಕಾಲದಲ್ಲಿ. ಅಲೆಯಿದ್ದ ಮೇಲೆ ಅಲೆಯೇಳುವ ವಸ್ತು ಇರಲೇಬೇಕೆಂದು ಆ ಕಾಲದವರಿಗೆ ತೋರಿತ್ತು. ಸಿದ್ಧಾಂತದ ಯಾವ ಭಾಗ ಗಟ್ಟಿ, ಯಾವುದು ಜೊಳ್ಳು ಎಂದು ನಾವೀಗ ಬೇರ್ಪಡಿಸುವುದು ಮುಂದೆ ಏನಾಯಿತೆಂದು ತಿಳಿದ ಮೇಲೆ. ಇಂದಿನ ಸಿದ್ಧಾಂತಗಳಲ್ಲಿ ಅದೇ ಗೆರೆಯನ್ನು ಈಗಲೇ ಎಳೆದು ತೋರಿಸುವ ಹೊಣೆ ವಾಸ್ತವವಾದಿಯ ಮೇಲೆ ಇನ್ನೂ ಇದೆ.