ನೋಡದ ನಾಟಕದ ನೆನಪು

ಮದುವೆಯಾದ ಮೂರನೆಯ ತಿಂಗಳಲ್ಲಿ ನಾನೊಂದು ಸುಳ್ಳು ಹೇಳಿದೆ. ಅದರಿಂದ ಯಾರ ದುಡ್ಡೂ ಹೋಗಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಆದರೂ ಅದು ನನ್ನನ್ನು ಐದು ತಿಂಗಳು ಕಾಡಿತು. ಒಬ್ಬರ ಜೊತೆ ಬಾಳಬೇಕೆಂದರೆ ಅವರ ಗೆಳೆಯರ ಜೊತೆಗೂ ಬಾಳಬೇಕೇ, ಬಾಳುವುದಾದರೆ ನಾವು ಎಷ್ಟು ಬದಲಾಗಬಹುದು ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು.

ನಾನು ಗದಗ ಸೀಮೆಯವನು. ಮೈಸೂರಿನ ಪಿಯು ಕಾಲೇಜೊಂದರಲ್ಲಿ ಗಣಿತ ಹೇಳುತ್ತೇನೆ. ಹೆಂಡತಿ ಮೈಸೂರಿನವಳೇ. ಡಿಗ್ರಿ ಓದುವಾಗಿನ ಅವಳ ಐವರು ಗೆಳೆಯರು ಇಂದಿಗೂ ಪ್ರತಿ ತಿಂಗಳ ಎರಡನೆಯ ಭಾನುವಾರ ಸರಸ್ವತಿಪುರಂನ ಒಂದು ಮನೆಯ ತಾರಸಿಯಲ್ಲಿ ಸೇರುತ್ತಾರೆ. ಒಬ್ಬಳು ವಕೀಲೆ, ಒಬ್ಬ ಬ್ಯಾಂಕಿನವನು, ಒಬ್ಬಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಇನ್ನಿಬ್ಬರು ಮೇಷ್ಟ್ರುಗಳು. ಅವರನ್ನು ಒಂದು ಗುಂಪಾಗಿಸಿದ್ದು ಒಂದು ರಾತ್ರಿ. 2010ರಲ್ಲಿ ಮೈಸೂರಿನ ರಂಗಾಯಣವು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಂಗಕ್ಕೆ ತಂದಿತ್ತು. ರಾತ್ರಿ ಶುರುವಾಗಿ ಬೆಳಗಿನ ತನಕ, ಸುಮಾರು ಒಂಬತ್ತು ಗಂಟೆ ನಡೆಯುವ ಬಯಲು ನಾಟಕ ಅದು. ಪ್ರೇಕ್ಷಕರು ಕೂತಲ್ಲೇ ಕೂರುವ ಹಾಗಿಲ್ಲ, ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ಈ ಆರು ಜನ ಒಂದೇ ಕಂಬಳಿಯನ್ನು ಎಳೆದಾಡುತ್ತ ಅದನ್ನು ನೋಡಿದ್ದರು. ಅವರ ಯಾವ ಮಾತು ಎಲ್ಲಿ ಶುರುವಾದರೂ ಕೊನೆಗೆ ಆ ಕಂಬಳಿಗೆ ಬಂದು ನಿಲ್ಲುತ್ತಿತ್ತು.

ಮೂರನೆಯ ಭೇಟಿಯಲ್ಲಿ ವಕೀಲ ಗೆಳತಿ ನನ್ನ ಕಡೆ ತಿರುಗಿ, “ನೀವು ನೋಡಿದ್ದೀರಾ?” ಎಂದಳು. 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ಆ ನಾಟಕ ಮತ್ತೆ ನಡೆದದ್ದು ನನಗೆ ಪತ್ರಿಕೆ ಓದಿ ಗೊತ್ತಿತ್ತು. ಆಗ ನಾನು ಧಾರವಾಡದಲ್ಲಿ ಬಿ.ಎಡ್. ಮಾಡುತ್ತಿದ್ದೆ. “ಹೌದು, ಬೆಂಗಳೂರಲ್ಲಿ ನೋಡಿದೆ” ಅಂದುಬಿಟ್ಟೆ. ತಾರಸಿಯಲ್ಲಿ ಒಂದು ಸಣ್ಣ ಸಂಭ್ರಮ. ಬ್ಯಾಂಕಿನವನು ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನು ಒಳಗೆ ಬಂದಿದ್ದೆ. ಹೆಂಡತಿ ಮಾತ್ರ ತಲೆ ಎತ್ತಲಿಲ್ಲ.

ಮನೆಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂತು ಅವಳು ಹೇಳಿದ್ದು ಇಷ್ಟೇ: “ಸುಳ್ಳು ಹೇಳಿದ್ದು ನೀನು. ಅದನ್ನ ಕಾಯೋ ಕೆಲಸ ಈಗ ನಂದೂ ಆಯ್ತು.”

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1956ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ದಿನನಿತ್ಯದ ಬದುಕನ್ನು ರಂಗಭೂಮಿಗೆ ಹೋಲಿಸುತ್ತಾನೆ. ನಮಗೆಲ್ಲ ಒಂದು ರಂಗದ ಮುಂಭಾಗವಿದೆ, ಒಂದು ಹಿಂಭಾಗವಿದೆ. ನೆಂಟರ ಎದುರು ಒಂದು ಮುಖ, ಅಡುಗೆಮನೆಯಲ್ಲಿ ಇನ್ನೊಂದು. ಈ ವಾದವನ್ನು ಹಿಡಿದು ನಾನು ನನ್ನನ್ನು ಸಮರ್ಥಿಸಿಕೊಳ್ಳಬಹುದಿತ್ತು: ಎಲ್ಲರೂ ನಟರೇ ಆದ ಮೇಲೆ ನನ್ನದೊಂದು ಸಣ್ಣ ಪಾತ್ರ ತಪ್ಪೇ? ಆದರೆ ಅದೇ ಪುಸ್ತಕದಲ್ಲಿ ಅವನು ತಂಡದ ಬಗ್ಗೆಯೂ ಬರೆಯುತ್ತಾನೆ. ಯಾವುದೇ ತೋರಿಕೆಯನ್ನು ಒಬ್ಬನೇ ಉಳಿಸಿಕೊಳ್ಳುವುದು ಅಪರೂಪ. ಜೊತೆಗಿದ್ದವರು ಬಾಯಿ ಮುಚ್ಚಿಕೊಂಡರೆ ಮಾತ್ರ ಅದು ನಡೆಯುತ್ತದೆ. ಅವಳನ್ನು ಕೇಳದೆಯೇ ನಾನು ಅವಳನ್ನು ನನ್ನ ತಂಡಕ್ಕೆ ಸೇರಿಸಿಕೊಂಡಿದ್ದೆ, ಅದೂ ಅವಳ ಹತ್ತಿರದವರ ಎದುರು. ಯಾರ ಮುಂದೆ ಅವಳು ಏನನ್ನೂ ಮುಚ್ಚಿಡಬೇಕಾಗಿರಲಿಲ್ಲವೋ ಅವರ ಮುಂದೆಯೇ ಮುಚ್ಚಿಡುವಂತೆ ಮಾಡಿದ್ದೆ. ಆ ತಾರಸಿ ಅವಳಿಗೆ ರಂಗದ ಹಿಂಭಾಗವಾಗಿತ್ತು, ಮೇಕಪ್ಪು ತೆಗೆದು ಕೂರುವ ಜಾಗ. ಅದನ್ನು ನಾನು ಮುಂಭಾಗ ಮಾಡಿದೆ.

ಸುಳ್ಳಿಗೆ ಬಡ್ಡಿಯೂ ಬೆಳೆಯತೊಡಗಿತು. ಮುಂದಿನ ತಿಂಗಳು ಬ್ಯಾಂಕಿನವನು, ನಡುರಾತ್ರಿ ಯಾವ ರಂಗಸ್ಥಳದಲ್ಲಿ ನಿಮಗೆ ನಿದ್ದೆ ಬಂತು ಎಂದು ಕೇಳಿದ. “ಎರಡನೆಯದರಲ್ಲಿ” ಎಂದೆ. ಅದರ ಮುಂದಿನ ತಿಂಗಳಿಗಾಗಿ ಕಾದಂಬರಿಯನ್ನು ಓದಿಕೊಂಡು ಹೋದೆ, ಪರೀಕ್ಷೆಗೆ ಓದಿದ ಹಾಗೆ. ಆ ಕಾದಂಬರಿಯನ್ನು ಹಾಗೆ ಓದಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ.

ಇದೇ ಹೊತ್ತಿನಲ್ಲಿ ನನ್ನ ಮಾತೂ ಬದಲಾಗಿತ್ತು. ಇದನ್ನು ನಾನು ಗಮನಿಸಿರಲಿಲ್ಲ. ಕ್ಲಾಸಿನಲ್ಲಿ ನಾನು ಮೈಸೂರಿನ ಹುಡುಗರಿಗೆ ತಿಳಿಯುವ ಹಾಗೆ ಮಾತಾಡುತ್ತೇನೆ, ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಒಂದು ಭಾನುವಾರ ತಾರಸಿಯಲ್ಲಿ ಕೂತಿದ್ದಾಗ ಊರಿನಿಂದ ಅವ್ವನ ಫೋನು ಬಂತು. “ಹೇಳಮ್ಮಾ, ಊಟ ಆಯ್ತಾ?” ಎಂದೆ. ಅತ್ತ ಕಡೆ ಒಂದು ಕ್ಷಣ ಮೌನ. ಆಮೇಲೆ ಅವ್ವ, “ಯಾಕಪಾ, ಹಿಂಗ್ಯಾಕ ಮಾತಾಡಾಕತ್ತಿ? ಮೈಯಾಗ ಆರಾಮ ಐತಿಲ್ಲೋ? ಮಗ್ಗಲದಾಗ ಯಾರರ ಸಾಹೇಬ್ರು ಕುಂತಾರೇನು?” ಎಂದು ಕೇಳಿದಳು.

ಅವ್ವನ ಪ್ರಶ್ನೆ ನನಗೆ ಒಂದು ಗೆರೆ ಎಳೆದುಕೊಟ್ಟಿತು. ವಿದ್ಯಾರ್ಥಿಗೆ ತಿಳಿಯಲೆಂದು ಮಾತನ್ನು ಬದಲಿಸುವಾಗ ನನ್ನ ಗಮನ ಅವನ ಮೇಲಿರುತ್ತದೆ. ಅವ್ವನಿಗೆ ಮೈಸೂರು ಕನ್ನಡದಲ್ಲಿ ಉತ್ತರಿಸುವಾಗ ನನ್ನ ಗಮನ ಅವಳ ಮೇಲಿರಲಿಲ್ಲ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದವರಿಗೆ ನಾನು ಹೇಗೆ ಕಾಣುತ್ತೇನೆ ಎಂಬುದರ ಮೇಲಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬದಲಾವಣೆ. ಆದರೆ ಮೊದಲನೆಯದು ನಯ, ಎರಡನೆಯದು ಸೋಗು.

ಇನ್ನೊಂದು ವ್ಯತ್ಯಾಸ ನನ್ನಂಥ ಲೆಕ್ಕದ ಮೇಷ್ಟ್ರಿಗೆ ಸುಲಭವಾಗಿ ಹೊಳೆಯುವಂಥದ್ದು. ನಯ ಆ ಹೊತ್ತಿಗೇ ಚುಕ್ತಾ ಆಗುತ್ತದೆ, ಸೋಗು ಮುಂದಿನ ತಿಂಗಳಿಗೆ ಬಾಕಿ ಉಳಿಯುತ್ತದೆ. ನನಗೆ ಇಷ್ಟವಿಲ್ಲದ ಹಾಡನ್ನು ಅವರು ಹಾಕಿದಾಗ ಸುಮ್ಮನೆ ಕೂತು ಕೇಳಿದರೆ ಅಲ್ಲಿಗೆ ಮುಗಿಯಿತು. “ನನಗೂ ಈ ಹಾಡೆಂದರೆ ಪ್ರಾಣ” ಎಂದರೆ ಮುಂದಿನ ಸಲ ಬರುವಾಗ ಆ ಪ್ರಾಣವನ್ನು ಹೊತ್ತು ತರಬೇಕು. ಒಂದು ಭೇಟಿಯ ನಂತರ ಏನನ್ನು ನೆನಪಿಟ್ಟುಕೊಳ್ಳಬೇಕಾಗಿದೆ ಎಂದು ಕೇಳಿಕೊಂಡರೆ ಸಾಕು, ಎಲ್ಲಿ ನಟಿಸಿದೆ ಎಂಬುದು ಗೊತ್ತಾಗುತ್ತದೆ.

ಅರಿಸ್ಟಾಟಲ್ ತನ್ನ ‘ನಿಕೊಮೇಕಿಯನ್ ಎಥಿಕ್ಸ್’ನ ನಾಲ್ಕನೆಯ ಭಾಗದಲ್ಲಿ ಕೂಟದಲ್ಲಿ ಬೆರೆಯುವವನ ಗುಣಗಳನ್ನು ಚರ್ಚಿಸುತ್ತಾನೆ. ಎಲ್ಲರಿಗೂ ಹೂಂಗುಟ್ಟಿ ಮೆಚ್ಚಿಸುವವನು ಒಂದು ತುದಿ, ಎಲ್ಲದಕ್ಕೂ ಕೊಂಕು ತೆಗೆಯುವವನು ಇನ್ನೊಂದು ತುದಿ. ತನ್ನ ಬಗ್ಗೆ ಇಲ್ಲದ್ದನ್ನು ಹೇಳಿಕೊಳ್ಳುವವನು ಒಂದು ಕಡೆ, ಇದ್ದದ್ದನ್ನೂ ಇಲ್ಲವೆನ್ನುವವನು ಇನ್ನೊಂದು ಕಡೆ. ಇವುಗಳ ನಡುವೆ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು ನಿಲ್ಲುತ್ತಾನೆ. ಹಣಕ್ಕಾಗಿ ಬಡಾಯಿ ಕೊಚ್ಚುವವನಷ್ಟು ಕೆಟ್ಟವನಲ್ಲ ಮನ್ನಣೆಗಾಗಿ ಕೊಚ್ಚುವವನು ಎಂದೂ ಅವನು ವಿನಾಯಿತಿ ಕೊಡುತ್ತಾನೆ. ಆ ವಿನಾಯಿತಿಯಲ್ಲಿ ನಾನು ಸ್ವಲ್ಪ ದಿನ ಹಾಯಾಗಿದ್ದೆ. ಆದರೆ ಒಂದು ವಿಷಯ ಆ ವಿಂಗಡಣೆಯಲ್ಲಿ ನನಗೆ ಸಿಗಲಿಲ್ಲ: ನನ್ನ ಬಡಾಯಿಯಿಂದ ಎದುರಿನವರು ಏನನ್ನು ಕಳೆದುಕೊಂಡರು? ಅದನ್ನು ತಿಳಿಸಿದ್ದು ವಕೀಲ ಗೆಳತಿ.

ಎಂಟನೆಯ ಭೇಟಿಯಲ್ಲಿ ಕಾಫಿ ಲೋಟ ಕೈಗೆ ಬಂದ ಕೂಡಲೆ ಹೇಳಿಬಿಟ್ಟೆ. “ಆ ನಾಟಕ ನಾನು ನೋಡಿಲ್ರೀ. ಅವತ್ತು ಸುಳ್ಳು ಹೇಳಿದೆ.” ಬ್ಯಾಂಕಿನವನು ಗೊಳ್ಳೆಂದು ನಕ್ಕ. “ಎರಡನೇ ರಂಗಸ್ಥಳದ ನಿದ್ದೆ?” ಎಂದ. ಅದೂ ಸುಳ್ಳು ಎಂದೆ. ಮತ್ತೂ ನಕ್ಕ. ವಕೀಲ ಗೆಳತಿ ನಗಲಿಲ್ಲ. “ನೋಡದೇ ಇದ್ದದ್ದು ಏನೂ ಅಲ್ಲ. ಆದರೆ ಐದು ತಿಂಗಳಿಂದ ಆ ರಾತ್ರಿ ಬಗ್ಗೆ ನಿಮಗೆ ಅರ್ಧರ್ಧ ಹೇಳ್ತಾ ಬಂದೆ, ಉಳಿದದ್ದು ನಿಮಗೆ ಗೊತ್ತಿದೆ ಅಂದುಕೊಂಡು. ಗೊತ್ತಿಲ್ಲ ಅಂದಿದ್ರೆ ಪೂರ್ತಿ ಹೇಳ್ತಿದ್ದೆ” ಎಂದಳು.

ಹಳೆಯ ಗೆಳೆಯರ ಗುಂಪಿಗೆ ಒಂದು ಕೊರತೆ ಇರುತ್ತದೆ, ಅದು ಹೊರಗಿನವನಿಗೆ ಕಾಣುವುದಿಲ್ಲ. ಅವರ ಕತೆಗಳನ್ನು ಕೇಳುವವರೇ ಅಲ್ಲಿ ಇಲ್ಲ. ಎಲ್ಲರಿಗೂ ಎಲ್ಲವೂ ಗೊತ್ತು. ಅದಕ್ಕೇ ಕತೆಗಳು ಸವೆಯುತ್ತ ಬರೀ ಸನ್ನೆಗಳಾಗುತ್ತವೆ. “ಕಂಬಳಿ” ಎಂದರೆ ಸಾಕು, ನಗು. ಅಂಥಲ್ಲಿಗೆ ಹೊಸಬನೊಬ್ಬ ಬಂದಾಗ ಅವನಲ್ಲಿರುವ, ಅವರಲ್ಲಿ ಯಾರಿಗೂ ಇಲ್ಲದ ಒಂದೇ ಒಂದು ಬಂಡವಾಳವೆಂದರೆ ಅವನಿಗೆ ಗೊತ್ತಿಲ್ಲ ಎಂಬುದು. ನಾನು ಅದನ್ನೇ ಅವಮಾನವೆಂದು ತಿಳಿದು ಮುಚ್ಚಿಟ್ಟಿದ್ದೆ. ಅವತ್ತು ವಕೀಲ ಗೆಳತಿ ಆ ರಾತ್ರಿಯನ್ನು ಮೊದಲಿನಿಂದ ಹೇಳಿದಳು. ನಡುವೆ ಲೈಬ್ರರಿಯವಳು ತಡೆದು, ಕಂಬಳಿ ತಂದದ್ದು ನೀನಲ್ಲ, ನಾನು ಎಂದಳು. ಇಷ್ಟು ವರ್ಷ ಯಾರೂ ಕೇಳದ ಕಾರಣಕ್ಕೆ ಇತ್ಯರ್ಥವಾಗದೆ ಉಳಿದಿದ್ದ ಜಗಳವೊಂದು ಹೊರಬಂತು. ನನ್ನ ಹೆಂಡತಿ ಬೆಳಗಿನ ಜಾವ ಅತ್ತಿದ್ದಳಂತೆ. ಅದನ್ನು ಅವಳು ನನಗೂ ಹೇಳಿರಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಅದೂ ಸೋಗೇ ಆದೀತು. ಮೇಷ್ಟ್ರುಗಳಲ್ಲಿ ಒಬ್ಬನಿಗೆ ನನ್ನ ಮಾತನ್ನು ಅಣಕಿಸುವ ಚಪಲ. “ಹೌದ್ರೀ ಸರಾ” ಎಂದು ಎಳೆಯುತ್ತಿದ್ದ. ಮೊದಮೊದಲು ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ, ಒಳಗೆ ಕುಟುಕಿದರೂ. ಆ ಸುಳ್ಳು ನಗು ಅವನಿಗೆ ಕೊಟ್ಟ ಪರವಾನಗಿಯಾಯಿತು. ನನಗೆ ನೋವಾಗುತ್ತದೆ ಎಂದು ಅವನಿಗೆ ತಿಳಿಯುವ ದಾರಿಯನ್ನೇ ನಾನು ಮುಚ್ಚಿದ್ದೆ. ನಂತರ ಒಂದು ದಿನ ಅವನೊಬ್ಬನೇ ಸಿಕ್ಕಾಗ, “ಅದು ನಮ್ಮ ಅವ್ವ ಮಾತಾಡೂ ಭಾಷಾರೀ, ಬ್ಯಾಡ” ಎಂದೆ. ಅವನು ನಿಲ್ಲಿಸಿದ. ಆದರೆ ಅಂದಿನಿಂದ ನನ್ನ ಜೊತೆ ಮಾತೂ ಕಡಿಮೆ ಮಾಡಿದ. ಇವತ್ತಿಗೂ ಹಾಗೇ ಇದೆ. ನಟಿಸುವುದನ್ನು ಬಿಟ್ಟವನಿಗೆ ಎಲ್ಲರೂ ದಕ್ಕುತ್ತಾರೆ ಎಂಬ ಭರವಸೆ ಇಲ್ಲ. ಆರು ಜನರಲ್ಲಿ ಒಬ್ಬನ ಜೊತೆ ತಣ್ಣಗಿನ ನಮಸ್ಕಾರವಷ್ಟೇ ಉಳಿದರೆ ಅದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಅವನು ಅವಳ ಗೆಳೆಯ, ನನ್ನವನಾಗಲೇಬೇಕೆಂಬ ಕಟ್ಟಳೆಯಿಲ್ಲ.

ಸ್ನೇಹದ ಬಗ್ಗೆ ಬರೆಯುವಾಗ ಅರಿಸ್ಟಾಟಲ್ ತನ್ನ ಕಾಲದ ಗಾದೆಯೊಂದನ್ನು ನೆನೆಯುತ್ತಾನೆ: ಜೊತೆಗೆ ಕೂತು ಸಾಕಷ್ಟು ಉಪ್ಪು ತಿನ್ನುವ ತನಕ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಅರ್ಥದ್ದು. ಉಪ್ಪಿನ ಋಣದ ಮಾತಾಡುವ ನಮಗೆ ಇದು ದೂರದ ಮಾತೇನಲ್ಲ. ಊಟಕ್ಕೆ ಚಿಟಿಕೆಯಷ್ಟೇ ಬೀಳುವ ಉಪ್ಪು ಸೇರುಗಟ್ಟಲೆ ಖರ್ಚಾಗಬೇಕೆಂದರೆ ವರ್ಷಗಳೇ ಬೇಕು. ನನ್ನ ಸುಳ್ಳು ನಿಜಕ್ಕೂ ದಾಟಲು ನೋಡಿದ್ದು ಆ ವರ್ಷಗಳನ್ನು. 2010ರ ರಾತ್ರಿಯಲ್ಲಿ ನಾನಿರಲಿಲ್ಲ, ಇರಲೂ ಸಾಧ್ಯವಿಲ್ಲ. ಆ ನಾಟಕವನ್ನು ನಾನು ಮುಂದೆಂದಾದರೂ ನೋಡಿದರೂ ಆ ಕಂಬಳಿಯಲ್ಲಿ ನನಗೆ ಜಾಗವಿಲ್ಲ.

ಕಳೆದ ತಿಂಗಳು ಅವ್ವ ಮೈಸೂರಿಗೆ ಬಂದಿದ್ದಳು. ಭಾನುವಾರ ತಾರಸಿಗೆ ಕರೆದುಕೊಂಡು ಹೋದೆವು. ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ವಕೀಲ ಗೆಳತಿ, “ನಿಮ್ಮ ಮಗ ಮೊದಲಿಂದ್ಲೂ ಸುಳ್ಳು ಹೇಳ್ತಿದ್ರಾ ಅಮ್ಮಾ?” ಎಂದು ಕೇಳಿದಳು. “ಸಣ್ಣಾಂವಿದ್ದಾಗಿಂದ ಹೇಳತಾನವಾ, ಆದ್ರ ದಕ್ಕಿಸಿಕೊಳ್ಳಾಕ ಬರೂದಿಲ್ಲ” ಎಂದಳು ಅವ್ವ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ಮುಂದಿನ ತಿಂಗಳಿಗೆ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ.